ಹಾಜರಿ ಪುಸ್ತಕದಲ್ಲಿ ಯಾರಿಗೂ ಜ್ವರ ಬರುವುದಿಲ್ಲ

ನಮ್ಮ ಬೀದಿಗೆ ಬೆಳಿಗ್ಗೆ ಇಬ್ಬರು ಹೆಂಗಸರು ಬರುತ್ತಾರೆ. ಒಬ್ಬರು ಆರಕ್ಕೇ ಬಂದು ರಸ್ತೆ ಗುಡಿಸುತ್ತಾರೆ. ಇನ್ನೊಬ್ಬರು ಏಳೂಕಾಲಿಗೆ ಆಟೊ ಟಿಪ್ಪರ್ ಜೊತೆ ಬಂದು, ಮನೆ ಮನೆಯ ಬಕೆಟ್ ಇಸಿದುಕೊಂಡು, ಹಸಿ ಕಸ ಒಣ ಕಸ ಬೇರೆ ಮಾಡಿ ಗಾಡಿಗೆ ಸುರಿಯುತ್ತಾರೆ. ಇಬ್ಬರಿಗೂ ಒಂದೇ ಬಣ್ಣದ ಜಾಕೆಟ್. ಅಮ್ಮ ಇಬ್ಬರಿಗೂ ಒಂದೇ ತರಹದ ಲೋಟದಲ್ಲಿ ಕಾಫಿ ಕೊಡುತ್ತಾಳೆ. ಇಬ್ಬರೂ ನಗರಸಭೆಯವರು ಎಂದೇ ನಾನು ಇಪ್ಪತ್ತು ವರ್ಷ ನಂಬಿದ್ದೆ.

ಅವರಲ್ಲಿ ಒಬ್ಬರು ಮಾತ್ರ ನಗರಸಭೆಯವರು. ಗುಡಿಸುವವರಿಗೆ ನಗರಸಭೆಯಿಂದಲೇ ನೇರವಾಗಿ ಬ್ಯಾಂಕಿಗೆ ಸಂಬಳ ಬರುತ್ತದೆ. ಇದಕ್ಕೆ ‘ನೇರ ಪಾವತಿ’ ಎನ್ನುತ್ತಾರೆ. ಗಾಡಿಯ ಮೇಲೆ ಬರುವ ಅಕ್ಕ ಹೊರಗುತ್ತಿಗೆ. ಅವರ ಧಣಿ ಬೇರೆ ಊರಿನಲ್ಲಿರುವ ಒಬ್ಬ ಗುತ್ತಿಗೆದಾರ. ಅಕ್ಕ ಅವನನ್ನು 11 ವರ್ಷದಲ್ಲಿ ಎರಡು ಸಲ ನೋಡಿದ್ದಾರಂತೆ. ಅದರಲ್ಲೂ ಒಂದು ಸಲ ಕಾರಿನ ಗಾಜಿನೊಳಗಿಂದ.

ಈ ವ್ಯತ್ಯಾಸ ನನಗೆ ಗೊತ್ತಾಗಿದ್ದು ಇಂಟರ್ನ್‌ಶಿಪ್‌ನಿಂದ. ನಾನು ಸಿವಿಲ್ ವಿದ್ಯಾರ್ಥಿನಿ. ಐದನೇ ಸೆಮಿಸ್ಟರ್ ಶುರುವಾಗುವ ಮೊದಲು ನಾಲ್ಕು ವಾರ ಎಲ್ಲಾದರೂ ಕೆಲಸ ಕಲಿಯಬೇಕಿತ್ತು. ಬೆಂಗಳೂರಿಗೆ ಹೋಗಿ ಪಿಜಿಗೆ ದುಡ್ಡು ಸುರಿಯುವುದು ಬೇಡ ಎಂದು ಅಪ್ಪ ಪರಿಚಯದವರಿಗೆ ಹೇಳಿ ನಗರಸಭೆಯ ಪರಿಸರ ಎಂಜಿನಿಯರ್ ಶಾಖೆಗೆ ಸೇರಿಸಿದರು. ಘನತ್ಯಾಜ್ಯ ಘಟಕದ ವಿನ್ಯಾಸ ನೋಡಬಹುದು ಎಂದು ಹೋದೆ. ಮೂರನೇ ದಿನ ಒಂದು ಕಟ್ಟು ಹಾಜರಿ ಪುಸ್ತಕ ಕೊಟ್ಟು, ‘ಇದನ್ನೆಲ್ಲ ಎಕ್ಸೆಲ್‌ಗೆ ಹಾಕಮ್ಮ, ಆಡಿಟ್‌ನವರು ಕೇಳ್ತಾರೆ’ ಎಂದರು. ನಾಲ್ಕು ವಾರದಲ್ಲಿ ಎರಡು ವಾರ ಹೋದದ್ದು ಅದರಲ್ಲೇ. ಬೇಸರದ ಕೆಲಸ. ಆದರೆ ಬೇಸರದ ಕೆಲಸ ಮಾಡುವಾಗ ಕಣ್ಣಿಗೆ ಬೀಳುವುದು ಬೇರೆ ಯಾವಾಗಲೂ ಬೀಳುವುದಿಲ್ಲ.

ಹೊರಗುತ್ತಿಗೆ ಪುಸ್ತಕದಲ್ಲಿ 60 ಹೆಸರುಗಳು. ಪ್ರತಿ ಹೆಸರಿನ ಮುಂದೆ ತಿಂಗಳಿಗೆ 26 ‘ಹಾ’, ಉಳಿದವು ‘ವಾ.ರ’, ಅಂದರೆ ವಾರದ ರಜೆ. ಯುಗಾದಿಯ ತಿಂಗಳಲ್ಲೂ ಅಷ್ಟೇ, ಮಳೆಗಾಲದಲ್ಲೂ ಅಷ್ಟೇ. ಅರವತ್ತು ಜನರಲ್ಲಿ ಒಬ್ಬರಿಗೂ ಜ್ವರ ಬಂದಿಲ್ಲ, ಒಬ್ಬರ ಮನೆಯಲ್ಲೂ ಸಾವಾಗಿಲ್ಲ, ಒಬ್ಬರೂ ಮದುವೆಗೆ ಹೋಗಿಲ್ಲ. ನಮ್ಮ ಕ್ಲಾಸಿನಲ್ಲಿ 62 ಜನ ಇದ್ದೇವೆ. ಶೇ 85 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೆದರಿಸಿದರೂ ನಮ್ಮ ರಿಜಿಸ್ಟರ್ ಹೀಗೆ ಕಾಣುವುದಿಲ್ಲ. ನಿಜವಾದ ಹಾಜರಿ ಪುಸ್ತಕ ಗಲೀಜಾಗಿರುತ್ತದೆ. ಅಲ್ಲಲ್ಲಿ ತಿದ್ದು, ಅರ್ಧ ದಿನ, ಬೇರೆ ಬೇರೆ ಪೆನ್ನು. ಇದು ಒಂದೇ ಕೂತಲ್ಲಿ, ಒಂದೇ ನೀಲಿ ಇಂಕಿನಲ್ಲಿ, ತಿಂಗಳ ಕೊನೆಗೆ ಬರೆದ ಪುಸ್ತಕ. ಬೆರಳಚ್ಚಿನ ಯಂತ್ರವೂ ಗೋಡೆಯ ಮೇಲಿದೆ. ‘ನೆಟ್‌ವರ್ಕ್ ಸಿಗಲ್ಲ’ ಎಂದು ಅದನ್ನು ಗುತ್ತಿಗೆಯವರಿಗೆ ಬಳಸುತ್ತಿರಲಿಲ್ಲ.

ಯುಗಾದಿಯ ತಿಂಗಳ ಹಾಳೆ ತುಂಬುವಾಗ ನಮ್ಮ ಬೀದಿಯ ಅಕ್ಕನ ಹೆಸರು ಬಂತು. 26 ‘ಹಾ’. ನನ್ನ ಕೈ ನಿಂತಿತು. ಆ ತಿಂಗಳು ಒಡೆದ ಟ್ಯೂಬ್‌ಲೈಟಿನ ಗಾಜು ಅಕ್ಕನ ಅಂಗೈ ಸೀಳಿತ್ತು. ಯಾರೋ ಅದನ್ನು ಹಸಿ ಕಸದ ಬಕೆಟ್ಟಿನಲ್ಲಿ ಹಾಕಿದ್ದರು. ನಮ್ಮ ಮನೆ ಮುಂದೆಯೇ ನಡೆದದ್ದು. ಅಮ್ಮ ಅರಿಶಿನ ಒತ್ತಿ ಬಟ್ಟೆ ಕಟ್ಟಿ, ನಾನೇ ಸ್ಕೂಟಿಯಲ್ಲಿ ಕೂರಿಸಿಕೊಂಡು ಹೋಗಿ ಐದು ಹೊಲಿಗೆ ಹಾಕಿಸಿಕೊಂಡು ಬಂದಿದ್ದೆ. ಒಂಬತ್ತು ದಿನ ಅವರು ಕೆಲಸಕ್ಕೆ ಬರಲಿಲ್ಲ. ಆ ಒಂಬತ್ತು ದಿನದ ಕೂಲಿ ಅವರಿಗೆ ಸಿಗಲಿಲ್ಲ. ಆದರೆ ಪುಸ್ತಕದ ಪ್ರಕಾರ ಅವರು ಬಂದಿದ್ದಾರೆ, ಅವರ ಹೆಸರಿನಲ್ಲಿ ಪೂರಾ ಬಿಲ್ ಆಗಿದೆ.

ದುಡ್ಡಿನ ಮಾತು ಹಾಗಿರಲಿ. ಕೆಲಸದ ವೇಳೆ ಗಾಯವಾದರೆ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ, ಚಿಕಿತ್ಸೆಯನ್ನೂ ಕೆಲಸವಿಲ್ಲದ ದಿನಗಳ ಭತ್ಯೆಯನ್ನೂ ಕೊಡಬೇಕು. ಅದಕ್ಕೆ ಗಾಯವಾದದ್ದಕ್ಕೆ, ರಜೆ ಹಾಕಿದ್ದಕ್ಕೆ ದಾಖಲೆ ಬೇಕು. ದಾಖಲೆಯಲ್ಲಿ ಅಕ್ಕ ಆ ದಿನಗಳಲ್ಲಿ ನಮ್ಮ ವಾರ್ಡಿನಲ್ಲಿ ಕಸ ಎತ್ತುತ್ತಿದ್ದಾರೆ. ಹಾಗಾದರೆ ಗಾಯ ಆಗಿಯೇ ಇಲ್ಲ.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಗುತ್ತಿಗೆಯ ಬಿಲ್ ಹೇಗೆ ಹುಟ್ಟುತ್ತದೆ ಎಂದು ನೋಡಬೇಕು. ಅಲ್ಲಿ ನಾನು ಕಲಿತದ್ದರಲ್ಲಿ ಇದೇ ಮುಖ್ಯವಾದದ್ದು.

ನಗರಸಭೆ ಟೆಂಡರ್ ಕರೆಯುವಾಗ ‘ಇಷ್ಟು ಬೀದಿ ಸ್ವಚ್ಛ ಇರಬೇಕು’ ಎಂದು ಕೇಳುವುದಿಲ್ಲ, ‘ಇಷ್ಟು ಜನ ಬೇಕು’ ಎಂದು ಕೇಳುತ್ತದೆ. ಒಬ್ಬರಿಗೆ ಕೊಡಬೇಕಾದ ಕನಿಷ್ಠ ಕೂಲಿಯನ್ನು ಸರ್ಕಾರ ನಿಗದಿ ಮಾಡಿರುತ್ತದೆ. ಪಿಎಫ್, ಇಎಸ್‌ಐ ದರವೂ ನಿಗದಿ. ಅದರಲ್ಲಿ ಯಾವುದನ್ನೂ ಗುತ್ತಿಗೆದಾರ ಕಡಿಮೆ ಮಾಡುವಂತಿಲ್ಲ. ಹಾಗಾದರೆ ಟೆಂಡರ್‌ನಲ್ಲಿ ಪೈಪೋಟಿ ಯಾವುದಕ್ಕೆ? ಉಳಿದಿರುವ ಒಂದೇ ಒಂದಕ್ಕೆ, ಗುತ್ತಿಗೆದಾರನ ಸೇವಾ ಶುಲ್ಕಕ್ಕೆ. ಅದನ್ನು ಯಾರು ಕಡಿಮೆ ಬರೆಯುತ್ತಾರೋ ಅವರಿಗೆ ಕೆಲಸ. ಹಾಗಾಗಿ ಅದು ಇಳಿದು ಇಳಿದು ಶೇ 1ಕ್ಕೋ ಅದಕ್ಕಿಂತ ಕೆಳಕ್ಕೋ ಬಂದು ನಿಲ್ಲುತ್ತದೆ.

ಲೆಕ್ಕ ಸುಲಭವಾಗಲಿ ಎಂದು ಎಲ್ಲರಿಗೂ ತಿಂಗಳಿಗೆ 15,000 ರೂಪಾಯಿ ಕೂಲಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಮಾಲೀಕರ ಪಾಲಿನ ಪಿಎಫ್ ಮತ್ತು ಅದರ ಆಡಳಿತ ವೆಚ್ಚ ಸೇರಿ ಶೇ 13, ಅಂದರೆ 1,950. ಮಾಲೀಕರ ಪಾಲಿನ ಇಎಸ್‌ಐ ಶೇ 3.25, ಅಂದರೆ 487.50. ಒಟ್ಟು ಒಬ್ಬರಿಗೆ 17,437.50. ಅರವತ್ತು ಜನರಿಗೆ ತಿಂಗಳಿಗೆ 10,46,250 ರೂಪಾಯಿ. ಕೂಲಿಯ ಮೇಲೆ ಶೇ 1 ಸೇವಾ ಶುಲ್ಕ ಎಂದರೆ ಗುತ್ತಿಗೆದಾರನಿಗೆ ಸಿಗುವುದು ತಿಂಗಳಿಗೆ 9,000.

ಈಗ ನಗರಸಭೆ ಬಿಲ್ ಪಾಸು ಮಾಡುವುದು ಎರಡು ತಿಂಗಳು ತಡ ಎಂದುಕೊಳ್ಳಿ. ಇದು ಉತ್ಪ್ರೇಕ್ಷೆಯಲ್ಲ, ತಡವಾಗುವುದೇ ಅಲ್ಲಿನ ಪದ್ಧತಿ. ಅಷ್ಟರಲ್ಲಿ ಗುತ್ತಿಗೆದಾರ ಹತ್ತಿರ ಹತ್ತಿರ 21 ಲಕ್ಷ ರೂಪಾಯಿ ತನ್ನ ಕೈಯಿಂದ ಹಾಕಿರಬೇಕು. ತಿಂಗಳಿಗೆ ಶೇ 1ರ ಬಡ್ಡಿ ಹಿಡಿದರೂ 21,000. ಸಂಪಾದನೆ ಒಂಬತ್ತು ಸಾವಿರ, ಬಡ್ಡಿ ಇಪ್ಪತ್ತೊಂದು ಸಾವಿರ. ಹತ್ತನೇ ಕ್ಲಾಸಿನ ಹುಡುಗನೂ ಹೇಳುತ್ತಾನೆ, ಈ ವ್ಯಾಪಾರವನ್ನು ಪ್ರಾಮಾಣಿಕವಾಗಿ ಮಾಡಿದವನು ಮನೆ ಮಾರಬೇಕು. ಆದರೂ ಪ್ರತಿ ಸಲ ಟೆಂಡರ್‌ಗೆ ಆರೇಳು ಜನ ನುಗ್ಗುತ್ತಾರೆ. ಹಾಗಾದರೆ ಲಾಭ ಬರುವುದು ಬೇರೆ ಎಲ್ಲಿಂದಲೋ.

ಎಲ್ಲಿಂದ ಎಂದು ನನಗೆ ತೋರಿಸಿದ್ದು ಡೀಸೆಲ್ ಪುಸ್ತಕ. ಗಾಡಿಗಳು ನಗರಸಭೆಯವು, ಡೀಸೆಲ್ಲೂ ನಗರಸಭೆಯದು, ಜನ ಮಾತ್ರ ಗುತ್ತಿಗೆದಾರನವರು. 24 ಟಿಪ್ಪರ್‌ಗಳಿಗೆ ಒಬ್ಬ ಚಾಲಕ, ಒಬ್ಬ ಸಹಾಯಕರಂತೆ 48 ಜನ, ಒಣ ಕಸದ ಘಟಕಕ್ಕೆ 12 ಜನ. ಒಟ್ಟು 60, ಲೆಕ್ಕ ಸರಿಯಾಗಿದೆ. ಆದರೆ ಡೀಸೆಲ್ ಪುಸ್ತಕದಲ್ಲಿ ಮೂರು ಗಾಡಿಗಳಿಗೆ ಐದು ತಿಂಗಳಿಂದ ಒಂದು ಲೀಟರೂ ಬರೆದಿಲ್ಲ. ಹೋಗಿ ನೋಡಿದರೆ ಮೂರೂ ಶೆಡ್ಡಿನ ಹಿಂದೆ ಟೈರು ಕೂತು ನಿಂತಿವೆ. ಒಂದರೊಳಗೆ ಬೆಕ್ಕು ಮರಿ ಹಾಕಿತ್ತು. ಆ ಮೂರು ಗಾಡಿಯ ಆರು ಜನಕ್ಕೂ ತಿಂಗಳು ತಿಂಗಳು 26 ‘ಹಾ’. ಆರು ಜನರ ಬಿಲ್ ತಿಂಗಳಿಗೆ 1,04,625 ರೂಪಾಯಿ. ಸೇವಾ ಶುಲ್ಕದ ಹನ್ನೊಂದು ಪಟ್ಟಿಗಿಂತ ಹೆಚ್ಚು.

ಎರಡು ಪುಸ್ತಕಗಳೂ ಒಂದೇ ಕಟ್ಟಡದಲ್ಲಿ, ಎರಡು ಕೋಣೆ ಆಚೀಚೆ ಇವೆ. ಒಂದು ಆರೋಗ್ಯ ಶಾಖೆಯದು, ಇನ್ನೊಂದು ವಾಹನ ಶಾಖೆಯದು. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವುದು ಯಾರ ಕೆಲಸವೂ ಅಲ್ಲ.

ಆರೋಗ್ಯ ನಿರೀಕ್ಷಕರನ್ನು ಕೇಳಿದೆ. ಅವರು ಕೆಟ್ಟ ಮನುಷ್ಯರಲ್ಲ, ಬೆಳಿಗ್ಗೆ ಐದೂವರೆಗೆ ಬೈಕಿನಲ್ಲಿ ವಾರ್ಡು ಸುತ್ತುತ್ತಾರೆ. ‘ಆ ಆರು ಜನ ಬದಲಿಯವರಮ್ಮ. ಗಾಡಿ ತಿಂಗಳು ಪೂರ್ತಿ ಓಡಬೇಕು, ಜನಕ್ಕೆ ವಾರಕ್ಕೊಂದು ರಜೆ ಕೊಡಬೇಕು. ರಜೆ ಹೋದವರ ಜಾಗಕ್ಕೆ ಯಾರಾದರೂ ಬೇಕಲ್ವಾ?’ ಎಂದರು. ಒಳ್ಳೆಯ ಉತ್ತರವೇ. ನನಗೇ ನಾಚಿಕೆಯಾಗಿ ಕೂತು ಲೆಕ್ಕ ಹಾಕಿದೆ. ಓಡುವ 21 ಗಾಡಿಗೆ 42 ಜಾಗ. ಮೂವತ್ತು ದಿನಕ್ಕೆ 1,260 ಆಳು ದಿನ. ಒಬ್ಬರು 26 ದಿನ ದುಡಿದರೆ 48 ಜನ ಮತ್ತು ಒಂದಿಷ್ಟು ಬೇಕು. ಅಂದರೆ ಆ ಆರು ಜನ ಸರಿಯಾಗಿ ಬೇಕೇ ಬೇಕು. ಕಾಗದ ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ.

ಸಂಜೆ ಅಕ್ಕನನ್ನು ಕೇಳಿದೆ, ‘ಅಕ್ಕಾ, ನಿಮಗೆ ವಾರದ ರಜೆ ಯಾವತ್ತು?’

‘ರಜೆಯಾ? ಕಸಕ್ಕೆ ಎಲ್ಲಿಯ ಭಾನುವಾರ ಕಣವ್ವ. ಹಬ್ಬದ ದಿನ ಬೇಗ ಬಿಡ್ತಾರೆ ಅಷ್ಟೆ. ರಜಾ ಬೇಕು ಅಂದ್ರೆ ನಾಳೆಯಿಂದ ಬರಬೇಡ ಅಂತಾನೆ ಸೂಪರ್‌ವೈಸರ್ರು.’

ಗುಟ್ಟು ಇಷ್ಟೇ. 42 ಜನ ಮೂವತ್ತು ದಿನವೂ ದುಡಿಯುತ್ತಾರೆ. ಪುಸ್ತಕದಲ್ಲಿ ಒಬ್ಬೊಬ್ಬರಿಂದ ನಾಲ್ಕು ದಿನ ಕಿತ್ತು, ಆ ದಿನಗಳನ್ನು ಒಟ್ಟು ಸೇರಿಸಿ ಇಲ್ಲದ ಆರು ಜನರನ್ನು ಮಾಡಲಾಗುತ್ತದೆ. ‘ನಕಲಿ ಹಾಜರಿ’ ಎಂದು ಸುದ್ದಿ ಓದಿದಾಗ ನಾನು ಅಂದುಕೊಂಡಿದ್ದು ಯಾರೋ ಸರ್ಕಾರದ ದುಡ್ಡು ಹೊಡೆದರು ಎಂದು. ಹಾಗಲ್ಲ. ನಕಲಿ ಹೆಸರಿನವರು ಕೆಲಸ ಮಾಡುವುದಿಲ್ಲ, ಆದರೆ ಆ ಕೆಲಸ ನಡೆದಿರುತ್ತದೆ. ಅದನ್ನು ಅಕ್ಕನಂಥವರು ತಮ್ಮ ಭಾನುವಾರಗಳಲ್ಲಿ ಮಾಡಿರುತ್ತಾರೆ. ಊರು ಸ್ವಚ್ಛವಾಗಿಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

‘ಈಗ ಸಂಬಳ ಬ್ಯಾಂಕಿಗೇ ಹೋಗುತ್ತಲ್ಲ, ಮೋಸ ಹೇಗೆ?’ ಎಂದು ನೀವು ಕೇಳಬಹುದು, ನಾನೂ ಕೇಳಿದೆ. 15,000ದಲ್ಲಿ ಕಾರ್ಮಿಕರ ಪಾಲಿನ ಪಿಎಫ್ 1,800, ಇಎಸ್‌ಐ 112.50 ಕಳೆದು 13,087.50 ಖಾತೆಗೆ ಬರಬೇಕು, ಬರುತ್ತದೆ ಕೂಡ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದ ಆಡಿಟರ್‌ಗೆ ಸಂತೋಷ. ಮಾರನೇ ದಿನ ಸೂಪರ್‌ವೈಸರ್ ಬಂದು ಒಬ್ಬೊಬ್ಬರಿಂದ ಸುಮಾರು 2,400 ರೂಪಾಯಿ ನಗದು ವಸೂಲಿ ಮಾಡುತ್ತಾನೆ. ‘ಪಿಎಫ್ ದುಡ್ಡು’ ಎನ್ನುತ್ತಾನೆ. ಮೇಲಿನ ಲೆಕ್ಕಕ್ಕೆ ವಾಪಸು ಹೋಗಿ ನೋಡಿ: 1,950 ಮತ್ತು 487.50 ಕೂಡಿಸಿದರೆ 2,437.50. ಮಾಲೀಕರ ಪಾಲು ಅದು. ಅದನ್ನು ನಗರಸಭೆ ಬಿಲ್‌ನಲ್ಲಿ ಗುತ್ತಿಗೆದಾರನಿಗೆ ಕೊಟ್ಟಾಗಿದೆ. ಕಾರ್ಮಿಕರ ಕೂಲಿಯಿಂದ ಅದನ್ನು ಹಿಡಿಯುವಂತೆಯೇ ಇಲ್ಲ. ಅಕ್ಕನ ಕೈಯಲ್ಲಿ ಉಳಿಯುವುದು ಹತ್ತೂವರೆ ಸಾವಿರ ಚಿಲ್ಲರೆ. ಕೊಡುವುದಿಲ್ಲ ಎಂದ ಒಬ್ಬ ಚಾಲಕನ ಹೆಸರು ಮುಂದಿನ ತಿಂಗಳ ಪಟ್ಟಿಯಲ್ಲಿ ಇರಲಿಲ್ಲ. ಅವನನ್ನು ಯಾರೂ ಕೆಲಸದಿಂದ ತೆಗೆದಿಲ್ಲ, ಪಟ್ಟಿಯಲ್ಲಿ ಇಲ್ಲ ಅಷ್ಟೆ. ತೆಗೆದುಹಾಕಿದ ಆದೇಶವೇ ಇಲ್ಲದ ಮೇಲೆ ಅವನು ಪ್ರಶ್ನಿಸುವುದು ಯಾವುದನ್ನು?

ಆ ಪಿಎಫ್ ಆದರೂ ಕಟ್ಟಿದ್ದಾರಾ? ಬಿಲ್ ಜೊತೆ ಪ್ರತಿ ತಿಂಗಳು ಪಿಎಫ್ ಚಲನ್ ಲಗತ್ತಿಸಿದ್ದರು. ಚಲನ್‌ನಲ್ಲಿ ಮೊತ್ತ ದೊಡ್ಡದಾಗಿಯೇ ಇತ್ತು, ನಾಲ್ಕುನೂರಕ್ಕೂ ಹೆಚ್ಚು ಜನರದು. ಏಕೆಂದರೆ ಆ ಗುತ್ತಿಗೆದಾರ ಬೇರೆ ಊರುಗಳಲ್ಲೂ ಗುತ್ತಿಗೆ ಹಿಡಿದಿದ್ದಾನೆ, ಎಲ್ಲರದ್ದೂ ಒಂದೇ ಕೋಡ್‌ನಲ್ಲಿ ಕಟ್ಟುತ್ತಾನೆ. ಆ ನಾಲ್ಕುನೂರರಲ್ಲಿ ನಮ್ಮೂರಿನ 60 ಜನ ಇದ್ದಾರೋ ಇಲ್ಲವೋ ಎಂದು ಚಲನ್ ಹೇಳುವುದಿಲ್ಲ. ಅದನ್ನು ಹೇಳುವುದು ಚಲನ್ ಜೊತೆ ಸಲ್ಲಿಸುವ ಇಸಿಆರ್ ಎಂಬ ಪಟ್ಟಿ. ಅದರಲ್ಲಿ ಪ್ರತಿಯೊಬ್ಬರ ಯುಎಎನ್ ಸಂಖ್ಯೆ, ಕೂಲಿ, ಕಟ್ಟಿದ ಮೊತ್ತ ಸಾಲು ಸಾಲಾಗಿ ಇರುತ್ತದೆ. ಫೈಲಿನಲ್ಲಿ ಚಲನ್ ಇತ್ತು, ಇಸಿಆರ್ ಇರಲಿಲ್ಲ. ಅದೇ ಒಂದು ಚಲನ್‌ನ ಜೆರಾಕ್ಸನ್ನು ನಾಲ್ಕು ಊರಿನ ಬಿಲ್‌ಗೆ ಲಗತ್ತಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಬಿಲ್ ಪರಿಶೀಲಿಸುವವರು ನೋಡಬೇಕಾದ ಕಾಗದ ಒಂದೇ ಒಂದು ಎಂದರೆ ಅದು ಇಸಿಆರ್. ಹಾಜರಿ ಪುಸ್ತಕದ ಹೆಸರುಗಳ ಪಕ್ಕ ಯುಎಎನ್ ಬರೆಸಿ ಎರಡನ್ನೂ ತಾಳೆ ನೋಡಿದರೆ ಅರ್ಧ ಗಂಟೆಯ ಕೆಲಸ.

ಇಲ್ಲಿ ಗುತ್ತಿಗೆದಾರ ಕಳ್ಳ, ನಗರಸಭೆ ಮುಗ್ಧ ಎಂದು ಹೇಳಿ ಮುಗಿಸಿದರೆ ಸುಳ್ಳು ಹೇಳಿದಂತೆ. ಬಿಲ್ ಕೇಳಲು ಬಂದಿದ್ದ ಗುತ್ತಿಗೆದಾರನ ಕಡೆಯವನೊಬ್ಬ ಕಾರಿಡಾರಿನಲ್ಲಿ ನನಗೇ ಹೇಳಿದ, ‘ಮೂರು ತಿಂಗಳ ಬಿಲ್ ನಿಂತಿದೆ ಮೇಡಂ. ಗಣೇಶನ ಹಬ್ಬಕ್ಕೆ ಜನಕ್ಕೆ ದುಡ್ಡು ಕೊಡದಿದ್ರೆ ಗಾಡಿ ಹೊರಡಲ್ಲ. ಕೈಸಾಲ ಮಾಡಿ ಕೊಟ್ಟಿದೀನಿ. ಶೇಕಡ ಒಂದಕ್ಕೆ ಟೆಂಡರ್ ಒಪ್ಪಿಕೊಂಡವರೂ ಇವರೇ ಅಲ್ವಾ, ಅವಾಗ ಯಾಕೆ ಕೇಳಲಿಲ್ಲ ಹೆಂಗೆ ಮಾಡ್ತೀಯಾ ಅಂತ?’ ಅವನ ಮಾತಿನಲ್ಲಿ ಸತ್ಯ ಇತ್ತು. ಆ ದರದಲ್ಲಿ ನ್ಯಾಯವಾಗಿ ಕೆಲಸ ಆಗದು ಎಂದು ಟೆಂಡರ್ ತೆರೆದ ದಿನವೇ ಗೊತ್ತಾಗುವಾಗ, ಅದನ್ನು ಒಪ್ಪಿಕೊಂಡವರಿಗೂ ಪಾಲಿದೆ. ನಗರಸಭೆಗೂ ತನ್ನ ಕಷ್ಟ ಇದೆ. ಕಾಯಂ ಹುದ್ದೆ ಸರ್ಕಾರ ಮಂಜೂರು ಮಾಡಬೇಕು, ನಿವೃತ್ತಿಯಾದವರ ಜಾಗ ತುಂಬಲು ಅನುಮತಿ ಬೇಕು. ಊರು ಬೆಳೆಯುತ್ತಲೇ ಇರುತ್ತದೆ, ಕಸ ಅನುಮತಿಗೆ ಕಾಯುವುದಿಲ್ಲ. ಗುತ್ತಿಗೆಯಾದರೆ ಒಂದು ಟೆಂಡರ್‌ನಲ್ಲಿ ಮುಗಿಯುತ್ತದೆ.

ಮೇಲ್ವಿಚಾರಣೆಯದು ಇನ್ನೂ ವಿಚಿತ್ರ. ಕಾಗದದ ಮೇಲೆ ಅಕ್ಕನಿಗೆ ಕೆಲಸ ಹೇಳುವವನು ಗುತ್ತಿಗೆದಾರನ ಸೂಪರ್‌ವೈಸರ್. ನಿಜದಲ್ಲಿ ಯಾವ ಬೀದಿಗೆ ಹೋಗಬೇಕು, ಮಂತ್ರಿ ಬರುವ ದಿನ ಎಲ್ಲಿ ಎರಡು ಸಲ ಎತ್ತಬೇಕು ಎಂದು ಹೇಳುವವರು ಆರೋಗ್ಯ ನಿರೀಕ್ಷಕರು. ಅದನ್ನು ಅವರು ಕಾಗದದಲ್ಲಿ ಹೇಳುವುದಿಲ್ಲ, ಫೋನಿನಲ್ಲಿ ಹೇಳುತ್ತಾರೆ. ಕಾರಣ ಇದೆ. ಕೆಲಸ ಹೇಳುವವರು, ಹಿಡಿತ ಇಟ್ಟುಕೊಂಡವರು ನಗರಸಭೆಯವರೇ ಎಂದು ರುಜುವಾತಾದರೆ ಗುತ್ತಿಗೆ ಬರೀ ಹೆಸರಿಗೆ ಎಂದು ಕಾರ್ಮಿಕರು ನ್ಯಾಯಾಲಯದಲ್ಲಿ ವಾದಿಸಬಹುದು. ಆದ್ದರಿಂದ ಆದೇಶ ಕೊಡುವವರು ಆದೇಶ ಕೊಟ್ಟಿದ್ದಕ್ಕೆ ಗುರುತು ಉಳಿಸುವುದಿಲ್ಲ. ಗಾಡಿ ನಾಲ್ಕು ದಿನ ಬರದಿದ್ದಾಗ ನಮ್ಮ ಬೀದಿಯವರು ನಗರಸಭೆಗೆ ಫೋನ್ ಮಾಡಿದರೆ ‘ಕಾಂಟ್ರಾಕ್ಟರ್‌ಗೆ ಹೇಳಿದೀವಿ’ ಎಂದರು. ಸೂಪರ್‌ವೈಸರ್‌ಗೆ ಮಾಡಿದರೆ ‘ಗಾಡಿ ರಿಪೇರಿ ನಗರಸಭೆಯವರದು’ ಎಂದ. ಇಬ್ಬರೂ ಹೇಳಿದ್ದು ನಿಜವೇ! ಕೊನೆಗೆ ಬೈಸಿಕೊಂಡವರು ಐದನೇ ದಿನ ಗಾಡಿಯ ಜೊತೆ ಬಂದ ಅಕ್ಕ.

ಕಾನೂನು ಈ ತಪ್ಪಿಸಿಕೊಳ್ಳುವಿಕೆಯನ್ನು ಊಹಿಸಿಯೇ ಬರೆದದ್ದು. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆಯ 21ನೇ ಕಲಂ ಪ್ರಕಾರ ಕೂಲಿ ಕೊಡುವ ಹೊಣೆ ಗುತ್ತಿಗೆದಾರನದಾಗಿತ್ತು. ಆದರೆ ಕೂಲಿ ಹಂಚುವಾಗ ಮೂಲ ಮಾಲೀಕರ, ಅಂದರೆ ಇಲ್ಲಿ ನಗರಸಭೆಯ, ಪ್ರತಿನಿಧಿ ಎದುರಿಗಿದ್ದು ಸಹಿ ಹಾಕಬೇಕಿತ್ತು. ಗುತ್ತಿಗೆದಾರ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ನಗರಸಭೆಯೇ ಕೊಟ್ಟು ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಈ ಕೊನೆಯ ಹೊಣೆ ಮೂಲ ಮಾಲೀಕರ ಮೇಲೇ ಇದೆ. ಹೊಸ ಸಂಹಿತೆ ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಬಳಸಬಾರದು ಎನ್ನುತ್ತದೆ, ಹಾಗೆಯೇ ಗುಡಿಸುವುದು, ಕಸ ಸಂಗ್ರಹಿಸುವುದು ಮುಖ್ಯ ಕೆಲಸವಲ್ಲ ಎಂದೂ ಎಣಿಸುತ್ತದೆ. ಆದರೆ ಆ ಸಂಸ್ಥೆ ಅದೇ ಕೆಲಸಕ್ಕಾಗಿ ಸ್ಥಾಪನೆಯಾಗಿದ್ದರೆ ಈ ವಿನಾಯಿತಿ ಇಲ್ಲ. ಬಟ್ಟೆ ಕಾರ್ಖಾನೆಗೆ ಕಸ ಗುಡಿಸುವುದು ಮುಖ್ಯ ಕೆಲಸವಲ್ಲ, ಸರಿ. ನಗರಸಭೆಗೆ? ಕಸ ಎತ್ತುವುದು ನಗರಸಭೆಯ ಮುಖ್ಯ ಕೆಲಸವಲ್ಲ ಎಂದಾದರೆ ನಾವು ತೆರಿಗೆ ಕಟ್ಟುವುದು ಯಾವುದಕ್ಕೆ ಎಂದು ನನ್ನ ಅಮ್ಮ ಕೇಳುತ್ತಾಳೆ. ಕಾನೂನು ಓದುತ್ತಿರುವ ಗೆಳೆಯರು ಉತ್ತರಿಸಬೇಕು.

ನಮ್ಮ ರಾಜ್ಯದಲ್ಲಿ ಇದಕ್ಕೆಲ್ಲ ದೊಡ್ಡ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ. 2017ರಲ್ಲಿ ಅಲ್ಲಿ ಪೌರಕಾರ್ಮಿಕರಿಗೆ ಬಯೊಮೆಟ್ರಿಕ್ ಹಾಜರಿ ತಂದಾಗ, ಗುತ್ತಿಗೆದಾರರ ಪಟ್ಟಿಯಲ್ಲಿ ಸುಮಾರು 32,000 ಇದ್ದ ಸಂಖ್ಯೆ 20,000ಕ್ಕಿಂತ ಕೆಳಗಿಳಿಯಿತು. 2018ರ ಆರಂಭದಿಂದ ಗುಡಿಸುವವರಿಗೆ ಪಾಲಿಕೆಯೇ ನೇರವಾಗಿ ಸಂಬಳ ಕೊಡತೊಡಗಿತು. ಆದರೆ ಆ ಬದಲಾವಣೆಯಲ್ಲಿ ನಿಜವಾಗಿ ದುಡಿಯುತ್ತಿದ್ದ ಎಷ್ಟೋ ಜನರ ಹೆಸರೂ ಬಿಟ್ಟುಹೋಯಿತು. ಪೊರಕೆ ಹಿಡಿದು ಸವೆದ ಬೆರಳನ್ನು ಯಂತ್ರ ಓದುತ್ತಿರಲಿಲ್ಲ. ತಿಂಗಳುಗಟ್ಟಲೆ ಸಂಬಳ ನಿಂತು, 2018ರ ಜುಲೈನಲ್ಲಿ ಒಬ್ಬ ಕಾರ್ಮಿಕ ಪ್ರಾಣ ಕಳೆದುಕೊಂಡ. ಯಂತ್ರ ಕಳ್ಳ ಹೆಸರನ್ನೂ ಹೊರಹಾಕಿತು, ಸವೆದ ಬೆರಳನ್ನೂ ಹೊರಹಾಕಿತು. ಆಮೇಲೆ ಮುಷ್ಕರಗಳಾದವು. 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ನಮ್ಮ ಬೀದಿ ಗುಡಿಸುವವರು ನೇರ ಪಾವತಿಗೆ ಬಂದದ್ದೂ ಇದೇ ಹಾದಿಯಲ್ಲಿ. ಆದರೆ ಈ ಬದಲಾವಣೆ ಪೊರಕೆ ಹಿಡಿದವರ ತನಕ ಬಂದು ನಿಂತಿತು. ಗಾಡಿ ಓಡಿಸುವವರು, ಗಾಡಿಗೆ ಕಸ ತುಂಬುವವರು ಬೆಂಗಳೂರಿನಲ್ಲೂ ಸಣ್ಣ ಊರುಗಳಲ್ಲೂ ಗುತ್ತಿಗೆದಾರನ ಕೈಯಲ್ಲೇ ಉಳಿದರು. ಒಂದೇ ಕಸ, ನೆಲದ ಮೇಲಿದ್ದಾಗ ಸರ್ಕಾರದ್ದು, ಗಾಡಿ ಹತ್ತಿದ ಮೇಲೆ ಖಾಸಗಿಯದು.

ನೇರ ಪಾವತಿಯಲ್ಲಿ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಗುಡಿಸುವ ಅಕ್ಕನಿಗೂ ಸಂಬಳ ಕೆಲವು ಸಲ ಹದಿನೈದು ದಿನ ತಡವಾಗುತ್ತದೆ. ಆದರೆ ಅವರು ತಡವಾದಾಗ ಯಾರ ಕೋಣೆಯ ಮುಂದೆ ಹೋಗಿ ನಿಲ್ಲಬೇಕು ಎಂದು ಅವರಿಗೆ ಗೊತ್ತು. ಪೌರಾಯುಕ್ತರ ಕೋಣೆಯ ಮುಂದೆ ಇಪ್ಪತ್ತು ಜನ ಒಟ್ಟಾಗಿ ನಿಂತದ್ದನ್ನು ನಾನೇ ನೋಡಿದೆ. ಎರಡು ದಿನದಲ್ಲಿ ಸಂಬಳ ಆಯಿತು. ಗಾಡಿಯವರು ಹಾಗೆ ನಿಂತರೆ ‘ನೀವು ನಮ್ಮವರಲ್ಲ’ ಎಂಬ ಒಂದೇ ಮಾತಿನಲ್ಲಿ ವಾಪಸು ಕಳಿಸುತ್ತಾರೆ.

ನಾನು ಕಂಡದ್ದನ್ನು ನನಗೆ ಕೆಲಸ ಕೊಟ್ಟಿದ್ದ ಎಂಜಿನಿಯರ್‌ಗೆ ಹೇಳಿದೆ. ಅವರು ಸುಮಾರು ಹೊತ್ತು ಸುಮ್ಮನಿದ್ದು, ‘ಡೀಸೆಲ್ ಪುಸ್ತಕ ನಿನಗೆ ಯಾರು ಕೊಟ್ರು?’ ಎಂದರು. ನಂತರದ ವಾರ ನನ್ನನ್ನು ಗೊಬ್ಬರ ಘಟಕದ ನಕ್ಷೆ ಬಿಡಿಸಲು ಹಾಕಿದರು. ಇಂಟರ್ನ್‌ಶಿಪ್ ವರದಿಯಲ್ಲಿ ನಾನು ಗೊಬ್ಬರದ ಬಗ್ಗೆಯೇ ಬರೆದೆ, ಒಳ್ಳೆಯ ಅಂಕವೂ ಬಂತು. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇನಿಲ್ಲ.

ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ವರ್ಷದ ಬಿಲ್, ಇಸಿಆರ್ ಪ್ರತಿ, ವಾಹನಗಳ ಡೀಸೆಲ್ ಪುಸ್ತಕ ಮೂರನ್ನೂ ಕೇಳಬಹುದು. ಅರ್ಜಿ ನಾನೇ ಬರೆದಿಟ್ಟೆ. ಅಕ್ಕನಿಗೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ‘ನನ್ನ ಹೆಸರು ಬರ್ತದಾ?’ ಬರುವುದಿಲ್ಲ ಎಂದೆ. ‘ಆದ್ರೂ ನಮ್ಮ ಬೀದಿ ಹುಡುಗಿ ಕೇಳಿದ್ಳು ಅಂದ್ರೆ ಯಾರು ಹೇಳಿಕೊಟ್ರು ಅಂತ ಅವರಿಗೆ ತಿಳಿಯಲ್ವಾ?’ ನನಗೆ ಉತ್ತರ ಹೊಳೆಯಲಿಲ್ಲ. ಈಗ ಬೇರೆ ವಾರ್ಡಿನ ನನ್ನ ಗೆಳತಿಯ ಅಣ್ಣ ಆ ಅರ್ಜಿಗೆ ಸಹಿ ಹಾಕಿ ಕಳಿಸಿದ್ದಾನೆ. ಉತ್ತರ ಬಂದಿಲ್ಲ.

ಅಷ್ಟರಲ್ಲಿ ಒಂದು ಭಾನುವಾರ ಮಧ್ಯಾಹ್ನ ಅಕ್ಕ ನಮ್ಮ ಜಗಲಿಗೆ ಬಂದು ಕೂತರು. ಪಿಎಫ್ ನೋಡೋಣ ಎಂದು ಉಮಂಗ್ ಆ್ಯಪ್ ತೆರೆದೆ. ಒಟಿಪಿ ಬರಲಿಲ್ಲ. ಕೇಳಿದರೆ, ಖಾತೆ ಮಾಡಿಸುವಾಗ ಸೂಪರ್‌ವೈಸರ್ ಎಲ್ಲರಿಗೂ ತನ್ನದೇ ಮೊಬೈಲ್ ನಂಬರ್ ಕೊಟ್ಟಿದ್ದನಂತೆ. ಅದನ್ನು ಬದಲಾಯಿಸಲು ಆಧಾರ್ ತಿದ್ದುಪಡಿ, ಎರಡು ಸಲ ಸೈಬರ್ ಸೆಂಟರ್, ಮೂರು ವಾರ ಹಿಡಿಯಿತು. ಕೊನೆಗೆ ತೆರೆದಾಗ ಸಿಕ್ಕಿದ್ದು ಒಂದಲ್ಲ, ಎರಡು ಯುಎಎನ್. ಯುಎಎನ್ ಒಬ್ಬರಿಗೆ ಜೀವನಕ್ಕೆ ಒಂದೇ ಇರಬೇಕು. ಗುತ್ತಿಗೆದಾರ ಬದಲಾದಾಗ ಹೊಸಬ ಹಳೆಯದನ್ನು ಕೇಳದೆ ಹೊಸದೊಂದು ಮಾಡಿಸಿಬಿಟ್ಟಿದ್ದ. ಮೊದಲನೆಯದರಲ್ಲಿ ನಾಲ್ಕು ವರ್ಷ, ಎರಡನೆಯದರಲ್ಲಿ ಅಲ್ಲಲ್ಲಿ ತಿಂಗಳು ಬಿಟ್ಟು ಐದು ವರ್ಷ ಚಿಲ್ಲರೆ. ನಡುವೆ ಒಂದು ವರ್ಷಕ್ಕೂ ಹೆಚ್ಚು ಏನೂ ಇಲ್ಲ. ಆ ವರ್ಷವೂ ತಿಂಗಳು ತಿಂಗಳು ಅವರು ಪಿಎಫ್ ದುಡ್ಡು ಎಂದು ನಗದು ಕೊಟ್ಟಿದ್ದರು. ಪಿಎಫ್ ಪಿಂಚಣಿ ಸಿಗಲು ಹತ್ತು ವರ್ಷದ ಸೇವೆ ಬೇಕು. ಅಕ್ಕ ದುಡಿದದ್ದು 11 ವರ್ಷ, ಕಾಗದದಲ್ಲಿ ಎರಡೂ ಖಾತೆ ಕೂಡಿಸಿದರೆ ಒಂಬತ್ತು ಚಿಲ್ಲರೆ.

‘ಇನ್ನು ಕೆಲವು ತಿಂಗಳು ತಾನೆ? ಮಾಡಿದ್ರಾಯ್ತು ಬಿಡು’ ಎಂದರು ಅಕ್ಕ. ಮೊದಲು ಎರಡೂ ಖಾತೆ ಒಂದು ಮಾಡಿಸಬೇಕು, ಅದಕ್ಕೆ ಅರ್ಜಿ ಹಾಕಿದ್ದೇವೆ. ಟೆಂಡರ್ ಅವಧಿ ಮಾರ್ಚ್‌ಗೆ ಮುಗಿಯುತ್ತದೆ. ಹೊಸ ಗುತ್ತಿಗೆದಾರ ಬಂದ ದಿನ ಹಳೆಯ ಯುಎಎನ್ ಬರೆದ ಚೀಟಿಯನ್ನು ಅವನ ಮುಂದೆ ಹಿಡಿಯಬೇಕು ಎಂದು ಹೇಳಿ, ದೊಡ್ಡ ಅಕ್ಷರದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದೇನೆ. ಅಕ್ಕ ಅದನ್ನು ಗಾಯದ ಗುರುತಿರುವ ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿ, ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡರು.